ಅಂಗಡಿ ಮ್ಯಾನೇಜರ್ ರೆಸ್ಯೂಮ್: ಸಂದರ್ಶನದಲ್ಲಿ ಕುಸಿಯದ ಅಂಕಿಗಳನ್ನು ಬರೆಯುವ ಕ್ರಮ

ತುಮಕೂರಿನ ಬಟ್ಟೆ ಮಳಿಗೆಗಳಲ್ಲಿ ಐದಾರು ವರ್ಷ ದುಡಿದು ಬೆಂಗಳೂರಿನ ದೊಡ್ಡ ಮಳಿಗೆಗೆ ಅರ್ಜಿ ಹಾಕುವ ಮ್ಯಾನೇಜರುಗಳಿಗೆ ರೆಸ್ಯೂಮ್‌ನಲ್ಲಿ ಅಂಕಿ ಹಾಕಬೇಕೆಂಬುದು ಈಗ ಚೆನ್ನಾಗಿ ಗೊತ್ತಿದೆ. ಹಾಗಿದ್ದೂ ಅವರು ಸಂದರ್ಶನದ ಎರಡನೆಯ ಪ್ರಶ್ನೆಗೆ ತಡವರಿಸುತ್ತಾರೆ. ಏರಿಯಾ ಮ್ಯಾನೇಜರ್ ಆಗಿದ್ದ ವರ್ಷಗಳಲ್ಲಿ ಮೇಜಿನ ಆಚೆ ಬದಿಯಲ್ಲಿ ಕುಳಿತು ನಾನು ಇದನ್ನು ಎಷ್ಟೋ ಸಲ ಕಂಡಿದ್ದೇನೆ. "ಮಾರಾಟದಲ್ಲಿ ಶೇ 15 ಏರಿಕೆ, ಶ್ರಿಂಕೇಜ್ ಅರ್ಧಕ್ಕೆ ಇಳಿಕೆ" ಎಂಬ ಸಾಲು ಕಂಡೊಡನೆ ಅನುಭವಿ ಕೇಳುವುದು ಒಂದೇ ಮಾತು: ಯಾವುದಕ್ಕೆ ಹೋಲಿಸಿ?

ಈ ಮಾರ್ಗದರ್ಶಿ ಆ ಪ್ರಶ್ನೆಗೆ ಉತ್ತರವಿರುವ ರೆಸ್ಯೂಮ್ ತಯಾರಿಸುವ ಕ್ರಮವನ್ನು ಹೇಳುತ್ತದೆ. ಉದಾಹರಣೆಗೆ ತುಮಕೂರಿನ ಬಿ.ಎಚ್. ರಸ್ತೆಯ 3,500 ಚದರಡಿಯ ಒಂದು ಕೌಟುಂಬಿಕ ಉಡುಪು ಮಳಿಗೆಯನ್ನು ಇಟ್ಟುಕೊಳ್ಳೋಣ. ಅದರ ಅಂಕಿಗಳು ಲೆಕ್ಕ ತೋರಿಸಲು ನಾನೇ ಹೊಂದಿಸಿಕೊಂಡವು, ಆದರೆ ಅದರಲ್ಲಿ ಬರುವ ತಪ್ಪುಗಳೆಲ್ಲ ನಿಜವಾದ ರೆಸ್ಯೂಮ್‌ಗಳಲ್ಲಿ ಕಂಡವೇ.

## ಹಂತ 1: ರಾಜೀನಾಮೆಗೆ ಮೊದಲೇ ಅಂಕಿ ಗುರುತು ಹಾಕಿಕೊಳ್ಳಿ

ಹೆಚ್ಚಿನವರು ಕೆಲಸ ಬಿಟ್ಟ ಮೇಲೆ ರೆಸ್ಯೂಮ್ ಬರೆಯಲು ಕೂರುತ್ತಾರೆ. ಅಷ್ಟು ಹೊತ್ತಿಗೆ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಲಾಗಿನ್ ಮುಚ್ಚಿರುತ್ತದೆ, ಉಳಿಯುವುದು ನೆನಪಿನ ಅಂಕಿ ಮಾತ್ರ. ನೆನಪಿನ ಅಂಕಿಯಲ್ಲಿ ದೀಪಾವಳಿಯ ತಿಂಗಳು ಇಡೀ ವರ್ಷದ ಹಾಗೆ ಕಾಣುತ್ತದೆ.

ಒಂದು ನೋಟ್‌ಬುಕ್‌ನಲ್ಲಿ ಎರಡು ಆರ್ಥಿಕ ವರ್ಷಗಳ ಪ್ರತಿ ತಿಂಗಳಿಗೂ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ: ಜಿಎಸ್‌ಟಿ ಬಿಟ್ಟ ನಿವ್ವಳ ಮಾರಾಟ, ಫುಟ್‌ಫಾಲ್ ಅಂದರೆ ಒಳಗೆ ಬಂದವರ ಸಂಖ್ಯೆ, ಬಿಲ್‌ಗಳ ಸಂಖ್ಯೆ ಮತ್ತು ತಿಂಗಳ ಕೊನೆಯ ಸ್ಟಾಕ್ ಮೌಲ್ಯ. ಇವುಗಳ ಜೊತೆಗೆ ಎರಡೂ ವರ್ಷಗಳ ಸ್ಟಾಕ್ ಎಣಿಕೆಯ ಅಂತಿಮ ಫಲಿತಾಂಶವೂ ಇರಲಿ. ಜಿಎಸ್‌ಟಿ ಸೇರಿದ ಮಾರಾಟವನ್ನು ಒಂದು ವರ್ಷಕ್ಕೂ ಬಿಟ್ಟ ಮಾರಾಟವನ್ನು ಇನ್ನೊಂದಕ್ಕೂ ಬಳಸಿದ ರೆಸ್ಯೂಮ್‌ಗಳನ್ನು ನಾನು ನೋಡಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾದ ಮೇಲಂತೂ ಈ ಬೆರಕೆ ಇನ್ನಷ್ಟು ದಾರಿ ತಪ್ಪಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕಂಪನಿಯ ವರದಿಗಳನ್ನು ಸ್ವಂತ ಇಮೇಲ್‌ಗೆ ಕಳುಹಿಸಿಕೊಳ್ಳಬೇಡಿ, ಪರದೆಯ ಫೋಟೊ ತೆಗೆಯಬೇಡಿ. ಖರೀದಿ ಬೆಲೆ, ಲಾಭದ ಪ್ರಮಾಣ, ಪೂರೈಕೆದಾರರ ವಿವರಗಳು ರೆಸ್ಯೂಮ್‌ಗೆ ಬರಲೇಬಾರದು. ಅವನ್ನು ಬರೆದವನನ್ನು ಹೊಸ ಮಾಲೀಕ "ನಾಳೆ ನನ್ನ ಗುಟ್ಟನ್ನೂ ಹೊರಗೆ ಹಾಕುವವನು" ಎಂದೇ ನೋಡುತ್ತಾನೆ. ಮಾರಾಟದ ನಿಖರ ಮೊತ್ತ ಹೇಳಬಾರದೆಂಬ ಷರತ್ತು ನಿಮ್ಮ ನೇಮಕಾತಿ ಪತ್ರದಲ್ಲಿದ್ದರೆ ಶೇಕಡಾವಾರು ಮತ್ತು ಸ್ಥೂಲ ವ್ಯಾಪ್ತಿ ಸಾಕು.

## ಹಂತ 2: ಹೋಲಿಕೆಯ ಅವಧಿಯನ್ನು ಮೊದಲು ನಿರ್ಧರಿಸಿ

ನಮ್ಮ ಮಳಿಗೆಯ ಮಾರಾಟ 2023-24ರಲ್ಲಿ 3.20 ಕೋಟಿ ರೂಪಾಯಿ, 2024-25ರಲ್ಲಿ 3.68 ಕೋಟಿ ರೂಪಾಯಿ. ಏರಿಕೆ ಶೇ 15. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಹೋಲಿಕೆಯೇ ತಪ್ಪು.

ಕ್ಯಾಲೆಂಡರ್ ತೆಗೆದು ನೋಡಿ. 2023ರ ಯುಗಾದಿ ಮಾರ್ಚ್ 22ರಂದು ಬಂತು, 2024ರದು ಏಪ್ರಿಲ್ 9ರಂದು, 2025ರದು ಮಾರ್ಚ್ 30ರಂದು. ಅಂದರೆ 2023-24ರ ಆರ್ಥಿಕ ವರ್ಷದೊಳಗೆ ಯುಗಾದಿಯೇ ಇರಲಿಲ್ಲ, 2024-25ರೊಳಗೆ ಎರಡು ಯುಗಾದಿಗಳು ಬಿದ್ದವು. 2024ರ ಹಬ್ಬದ ಖರೀದಿ ಮಾರ್ಚ್ ಕೊನೆಯ ವಾರದಲ್ಲೇ ಸ್ವಲ್ಪ ಆರಂಭವಾಗಿರುತ್ತದೆ, ನಿಜ. ಆದರೂ ಹಬ್ಬದ ಹಿಂದಿನ ವಾರದ ನೂಕುನುಗ್ಗಲೆಲ್ಲ ಏಪ್ರಿಲ್‌ಗೇ ಸೇರುತ್ತದೆ. ರಂಜಾನ್ ಹಬ್ಬವೂ 2024-25ರೊಳಗೆ ಎರಡು ಸಲ ಬಂತು: 2024ರಲ್ಲಿ ಅದು ಏಪ್ರಿಲ್ ಎರಡನೆಯ ವಾರದಲ್ಲಿ, 2025ರಲ್ಲಿ ಮಾರ್ಚ್ 31ರಂದು. ತುಮಕೂರಿನಲ್ಲಿ ಬಟ್ಟೆ ಮಾರುವವರಿಗೆ ಈ ಎರಡು ಹಬ್ಬಗಳು ಎರಡೆರಡು ಸಲ ಬಂದರೆ ಆಗುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ನಿಮ್ಮನ್ನು ಸಂದರ್ಶಿಸುವವರಿಗೂ ಅದು ಗೊತ್ತಿದೆ, ಏಕೆಂದರೆ ಅವರ ಮಳಿಗೆಯೂ ಆ ವರ್ಷ ಪುಕ್ಕಟೆಯಾಗಿ ಬೆಳೆದಿರುತ್ತದೆ.

ಪರಿಹಾರ ಸರಳವಾಗಿದೆ. ಎರಡೂ ವರ್ಷಗಳ ಏಪ್ರಿಲ್ ಮತ್ತು ಮಾರ್ಚ್ ತಿಂಗಳುಗಳನ್ನು ತೆಗೆದು, ಮೇ ತಿಂಗಳಿಂದ ಫೆಬ್ರುವರಿವರೆಗಿನ ಹತ್ತು ತಿಂಗಳುಗಳನ್ನು ಮಾತ್ರ ಹೋಲಿಸಿ. ವರಮಹಾಲಕ್ಷ್ಮಿ, ಗಣೇಶ, ದಸರಾ, ದೀಪಾವಳಿಗಳು ಎರಡೂ ಕಡೆ ಒಂದೊಂದೇ ಸಲ ಬರುತ್ತವೆ. ನಮ್ಮ ಮಳಿಗೆಯಲ್ಲಿ ಈ ಹತ್ತು ತಿಂಗಳ ಮಾರಾಟ 2.60 ಕೋಟಿಯಿಂದ 2.86 ಕೋಟಿಗೆ ಏರಿದೆ. ನಿಜವಾದ ಏರಿಕೆ ಶೇ 10.

"ಶೇ 15 ಬಿಟ್ಟು ಶೇ 10 ಬರೆಯಲೇ?" ಎಂದು ಅಭ್ಯರ್ಥಿಗಳು ಹಿಂಜರಿಯುತ್ತಾರೆ. ನನ್ನ ತೀರ್ಮಾನ ಸ್ಪಷ್ಟ: "ಯುಗಾದಿ, ರಂಜಾನ್ ತಿಂಗಳುಗಳನ್ನು ಬಿಟ್ಟು ಶೇ 10" ಎಂದು ಬರೆದವನ ಉಳಿದ ಸಾಲುಗಳನ್ನೂ ನಾನು ನಂಬುತ್ತೇನೆ, ಶೇ 15 ಎಂದಷ್ಟೇ ಬರೆದವನ ಪ್ರತಿ ಸಾಲನ್ನೂ ತಡವಿ ನೋಡುತ್ತೇನೆ. ಇದೇ ರೀತಿ, ಮಧ್ಯದಲ್ಲಿ ಮಳಿಗೆ ವಿಸ್ತರಣೆಯಾಗಿದ್ದರೆ ಅಥವಾ ನವೀಕರಣಕ್ಕೆಂದು ಮುಚ್ಚಿದ್ದರೆ ಆ ತಿಂಗಳುಗಳನ್ನೂ ಎರಡೂ ವರ್ಷಗಳಿಂದ ತೆಗೆಯಬೇಕು.

## ಹಂತ 3: ಏರಿಕೆ ಎಲ್ಲಿಂದ ಬಂತೆಂದು ಬಿಡಿಸಿ

ಮಾರಾಟವೆಂದರೆ ಮೂರು ಸಂಗತಿಗಳ ಗುಣಾಕಾರ: ಒಳಗೆ ಬಂದವರು, ಅವರಲ್ಲಿ ಕೊಂಡವರ ಪ್ರಮಾಣ, ಮತ್ತು ಪ್ರತಿ ಬಿಲ್‌ನ ಸರಾಸರಿ ಮೊತ್ತ. ಕೊಂಡವರ ಪ್ರಮಾಣವನ್ನೇ ಕನ್ವರ್ಷನ್ ಎನ್ನುತ್ತೇವೆ. ಎಕ್ಸೆಲ್‌ನಲ್ಲಿ B ಕಾಲಂಗೆ ಮಾರಾಟ, C ಕಾಲಂಗೆ ಫುಟ್‌ಫಾಲ್, D ಕಾಲಂಗೆ ಬಿಲ್ ಸಂಖ್ಯೆ ಹಾಕಿದರೆ ಮೊದಲ ಸೂತ್ರ ಕನ್ವರ್ಷನ್ ಕೊಡುತ್ತದೆ, ಎರಡನೆಯದು ಸರಾಸರಿ ಬಿಲ್.

```
=D2/C2
=B2/D2
```

ನಮ್ಮ ಮಳಿಗೆಯ ಹತ್ತು ತಿಂಗಳುಗಳನ್ನು ಹಾಕಿ ನೋಡೋಣ. ಫುಟ್‌ಫಾಲ್ 80,000ದಿಂದ 81,600ಕ್ಕೆ ಏರಿದೆ, ಅಂದರೆ ಶೇ 2 ಮಾತ್ರ. ಬಿಲ್‌ಗಳು 21,600ರಿಂದ 23,664ಕ್ಕೆ ಏರಿವೆ. ಕನ್ವರ್ಷನ್ ಶೇ 27ರಿಂದ ಶೇ 29ಕ್ಕೆ ಬಂದಿದೆ. ಸರಾಸರಿ ಬಿಲ್ 1,204 ರೂಪಾಯಿಯಿಂದ 1,209ಕ್ಕೆ ಬಂದು ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಆದ್ದರಿಂದ ಈ ಮ್ಯಾನೇಜರ್ ಜನರನ್ನು ಹೆಚ್ಚಾಗಿ ಕರೆತಂದವನಲ್ಲ, ದುಬಾರಿ ಬಟ್ಟೆ ಮಾರಿದವನೂ ಅಲ್ಲ. ಒಳಗೆ ಬಂದವರು ಬರಿಗೈಯಲ್ಲಿ ಹೋಗದಂತೆ ನೋಡಿಕೊಂಡವನು. ಅವನ ರೆಸ್ಯೂಮ್ ಹೇಳಬೇಕಾದ ಮುಖ್ಯ ಮಾತು ಇದೊಂದೇ. ಆದರೆ ಅವನ ಮೊದಲ ಕರಡಿನಲ್ಲಿ "ಫುಟ್‌ಫಾಲ್ ಹೆಚ್ಚಿಸಿದೆ" ಎಂದು ಎರಡು ಸಾಲು ಇತ್ತು, ಕನ್ವರ್ಷನ್‌ನ ಸುದ್ದಿಯೇ ಇರಲಿಲ್ಲ.

ಈಗ "ಹೇಗೆ" ಎಂಬುದನ್ನು ಹುಡುಕಬೇಕು. ಕೇಳಿದಾಗ ಹೊರಬಂದ ಸಂಗತಿ ಹೀಗಿತ್ತು. ಮಳಿಗೆಯಲ್ಲಿ ನಾಲ್ಕು ಟ್ರಯಲ್ ರೂಮ್‌ಗಳಿದ್ದವು, ಅವುಗಳಲ್ಲಿ ಎರಡರೊಳಗೆ ವೇರ್‌ಹೌಸ್‌ನಿಂದ ಬಂದ ಕಾರ್ಟನ್‌ಗಳನ್ನು ತುಂಬಿಡಲಾಗಿತ್ತು. ಭಾನುವಾರ ಸಂಜೆ ಸುತ್ತಲಿನ ಊರುಗಳಿಂದ ಬಂದ ಕುಟುಂಬಗಳು ಕೈಯಲ್ಲಿ ಬಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಬಸ್ಸಿಗೆ ಹೊತ್ತಾಯಿತೆಂದು ಬಟ್ಟೆಯನ್ನು ಸಿಕ್ಕ ರ‍್ಯಾಕ್ ಮೇಲೆ ಬಿಟ್ಟು ಹೊರಡುತ್ತಿದ್ದವು. ಮ್ಯಾನೇಜರ್ ವಾರಕ್ಕೆ ಒಮ್ಮೆ ಬರುತ್ತಿದ್ದ ಮಾಲನ್ನು ಎರಡು ಕಂತುಗಳಲ್ಲಿ ತರಿಸಿಕೊಂಡು, ಆ ಎರಡು ರೂಮ್‌ಗಳನ್ನು ಖಾಲಿ ಮಾಡಿಸಿ, ಸಂಜೆ ಐದರಿಂದ ಎಂಟರವರೆಗೆ ಅಲ್ಲಿ ಒಬ್ಬರನ್ನು ನಿಲ್ಲಿಸಿದ. ಇದನ್ನು ರೆಸ್ಯೂಮ್‌ನಲ್ಲಿ ಬರೆಯಬಹುದೆಂದೇ ಅವನಿಗೆ ತೋಚಿರಲಿಲ್ಲ.

### ಫುಟ್‌ಫಾಲ್ ಅಂಕಿ ನಂಬಲರ್ಹವೇ ಎಂದು ತಿಳಿಯುವುದು

ಬಾಗಿಲ ಮೇಲಿನ ಸೆನ್ಸರ್, ಚಹಾಕ್ಕೆಂದು ಹೊರಗೆ ಹೋಗಿ ಬರುವ ಸಿಬ್ಬಂದಿಯನ್ನೂ ಎಣಿಸುತ್ತದೆ. ಸೆಕ್ಯೂರಿಟಿಯವರು ಕೈಯಲ್ಲಿ ಎಣಿಸುವ ಮಳಿಗೆಗಳಲ್ಲಿ, ಭಾನುವಾರದ ಅಂಕಿ ಬಹುಪಾಲು ಸಂಜೆ ಅಂದಾಜಿನಲ್ಲಿ ಬರೆದದ್ದಾಗಿರುತ್ತದೆ. 300, 350, 400 ಎಂಬ ದುಂಡು ಸಂಖ್ಯೆಗಳೇ ಸಾಲಾಗಿ ಕಂಡರೆ ಅದೇ ಅದರ ಗುರುತು. ಐದು ಜನರ ಕುಟುಂಬವನ್ನು ಐದೆಂದು ಎಣಿಸಿದರೋ ಒಂದೆಂದು ಎಣಿಸಿದರೋ ಎಂಬುದರ ಮೇಲೆ ಕನ್ವರ್ಷನ್ ಪೂರ್ತಿ ಬದಲಾಗುತ್ತದೆ.

ಒಂದು ತಿಂಗಳಲ್ಲಿ ಬಿಲ್‌ಗಳ ಸಂಖ್ಯೆ ಹಾಗೇ ಇದ್ದು ಫುಟ್‌ಫಾಲ್ ಮಾತ್ರ ಧಿಡೀರನೆ ಇಳಿದಿದ್ದರೆ, ಅದು ನಿಮ್ಮ ಸಾಧನೆಯಲ್ಲ, ಸೆನ್ಸರ್ ಕೆಟ್ಟದ್ದು. ಎಕ್ಸ್‌ಚೇಂಜ್ ಬಿಲ್‌ಗಳನ್ನು ಮಾರಾಟದ ಬಿಲ್‌ಗಳ ಜೊತೆ ಎಣಿಸಿದರೂ ಕನ್ವರ್ಷನ್ ಉಬ್ಬುತ್ತದೆ. ಎಣಿಕೆಯ ವಿಧಾನ ಎರಡು ವರ್ಷಗಳ ನಡುವೆ ಬದಲಾಗಿದ್ದರೆ ಕನ್ವರ್ಷನ್ ಸಾಲನ್ನೇ ಬಿಟ್ಟು, ಬಿಲ್‌ಗಳ ಸಂಖ್ಯೆಯ ಏರಿಕೆಯನ್ನು ಮಾತ್ರ ಬರೆಯಿರಿ. ಬಿಲ್ ಸಂಖ್ಯೆಯಲ್ಲಿ ಯಾರ ಅಂದಾಜೂ ಸೇರಿರುವುದಿಲ್ಲ.

## ಹಂತ 4: ಶ್ರಿಂಕೇಜ್ ಲೆಕ್ಕವನ್ನು ಕಾಗದದ ಮೇಲೆ ಮತ್ತೆ ಮಾಡಿ

ಅತಿ ಹೆಚ್ಚು ಮಂದಿ ಎಡವುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ. ಪುಸ್ತಕದ ಪ್ರಕಾರ ಇರಬೇಕಾದ ಸ್ಟಾಕ್‌ಗೂ ಎಣಿಸಿದಾಗ ಸಿಕ್ಕ ಸ್ಟಾಕ್‌ಗೂ ಇರುವ ಕೊರತೆಯೇ ಶ್ರಿಂಕೇಜ್. ಕಳ್ಳತನ ಅದರ ಒಂದು ಕಾರಣ ಮಾತ್ರ; ಬಿಲ್ಲಿಂಗ್ ತಪ್ಪು, ಮಾಲು ಇಳಿಸಿಕೊಳ್ಳುವಾಗಿನ ಎಣಿಕೆ ತಪ್ಪು, ಮಳಿಗೆಯಿಂದ ಮಳಿಗೆಗೆ ಹೋಗಿಯೂ ದಾಖಲಾಗದ ಟ್ರಾನ್ಸ್‌ಫರ್‌ಗಳು ಸಹ ಅದರಲ್ಲೇ ಬಂದು ಕೂರುತ್ತವೆ.

2024-25ರ ಲೆಕ್ಕವನ್ನು ಖರೀದಿ ಬೆಲೆಯಲ್ಲಿ ಮಾಡೋಣ. ಮಾರಾಟ ಬೆಲೆಯಲ್ಲಿ ಮಾಡಿದರೆ ಆಷಾಢದ ರಿಯಾಯಿತಿಯೂ ಕೊರತೆಯಂತೆ ಕಾಣುವ ಅಪಾಯವಿದೆ. ಆರಂಭದ ಸ್ಟಾಕ್ 57 ಲಕ್ಷ ರೂಪಾಯಿ, ವರ್ಷವಿಡೀ ಒಳಬಂದದ್ದು 230 ಲಕ್ಷ, ಒಟ್ಟು 287 ಲಕ್ಷ. ಅದರಲ್ಲಿ ಮಾರಾಟವಾದ ಮಾಲಿನ ಬೆಲೆ 221 ಲಕ್ಷ, ವಾಪಸ್ ಅಥವಾ ಬೇರೆ ಮಳಿಗೆಗೆ ಹೋದದ್ದು 8.4 ಲಕ್ಷ, ಹಾನಿಯೆಂದು ದಾಖಲಾದದ್ದು 0.6 ಲಕ್ಷ. ಇವನ್ನು ಕಳೆದರೆ ಪುಸ್ತಕದಲ್ಲಿ 57 ಲಕ್ಷ ಇರಬೇಕು. ಎಣಿಸಿದಾಗ ಸಿಕ್ಕಿದ್ದು 55.6 ಲಕ್ಷ. ಕೊರತೆ 1.4 ಲಕ್ಷ.

ಈ 1.4 ಲಕ್ಷವನ್ನು 368 ಲಕ್ಷದ ಮಾರಾಟದಿಂದ ಭಾಗಿಸಿದರೆ ಶೇ 0.38, ಮಾರಾಟವಾದ ಮಾಲಿನ ಖರೀದಿ ಬೆಲೆಯಿಂದ ಭಾಗಿಸಿದರೆ ಶೇ 0.63. ಎರಡೂ ಚಾಲ್ತಿಯಲ್ಲಿವೆ. ಆದ್ದರಿಂದ "ಮಾರಾಟದ ಶೇಕಡಾವಾರು" ಎಂಬ ಮಾತನ್ನು ಸಾಲಿನೊಳಗೇ ಸೇರಿಸಬೇಕು, ಇಲ್ಲದಿದ್ದರೆ ಓದುವವರು ತಮ್ಮ ಕಂಪನಿಯ ಪದ್ಧತಿಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ.

ಹಿಂದಿನ ವರ್ಷ, ಅಂದರೆ 2023-24ರಲ್ಲಿ, ಕೊರತೆ 2.4 ಲಕ್ಷ ಇತ್ತು. 320 ಲಕ್ಷದ ಮಾರಾಟಕ್ಕೆ ಅದು ಶೇ 0.75. ಶೇ 0.75ರಿಂದ 0.38! ನಮ್ಮ ಮ್ಯಾನೇಜರ್ "ಶ್ರಿಂಕೇಜ್ ಅರ್ಧಕ್ಕೆ ಇಳಿಸಿದೆ" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ.

ಟ್ರಾನ್ಸ್‌ಫರ್ ಚೀಟಿಗಳನ್ನು ನೆನಪಿಸಿಕೊಳ್ಳಲು ಹೇಳಿದಾಗ ನಿಜಾಂಶ ಬಯಲಾಯಿತು. 2024ರ ಮಾರ್ಚ್ ಕೊನೆಯಲ್ಲಿ 0.7 ಲಕ್ಷದ ಮಾಲು ಪಕ್ಕದ ಊರಿನ ಮಳಿಗೆಗೆ ವ್ಯಾನಿನಲ್ಲಿ ಹೋಗಿತ್ತು, ಆದರೆ ಹೊರಹೋದ ಚೀಟಿ ಸಾಫ್ಟ್‌ವೇರ್‌ನಲ್ಲಿ ಏರಿದ್ದು ಏಪ್ರಿಲ್‌ನಲ್ಲಿ. ಮಾರ್ಚ್ 31ರ ಎಣಿಕೆಯಲ್ಲಿ ಆ ಮಾಲು ಪುಸ್ತಕದಲ್ಲಿತ್ತು, ರ‍್ಯಾಕಿನಲ್ಲಿರಲಿಲ್ಲ. ಹಾಗಾಗಿ ಆ ವರ್ಷದ ಕೊರತೆ 0.7 ಲಕ್ಷದಷ್ಟು ಹೆಚ್ಚಾಗಿ ಕಂಡಿತು. ಎಣಿಕೆಯ ನಂತರ ಪುಸ್ತಕವನ್ನು ಸರಿಪಡಿಸಿದ ಮೇಲೆ ಅದೇ ಚೀಟಿ ಏಪ್ರಿಲ್‌ನಲ್ಲಿ ಏರಿತು, ಇಲ್ಲದ ಮಾಲನ್ನು ಪುಸ್ತಕ ಇನ್ನೊಮ್ಮೆ ಕಳೆಯಿತು, ಮುಂದಿನ ವರ್ಷದ ಕೊರತೆ ಅಷ್ಟೇ ಮೊತ್ತದಷ್ಟು ಕಡಿಮೆಯಾಗಿ ಕಂಡಿತು. ಮೇಲಿನ 8.4 ಲಕ್ಷದಲ್ಲಿ ಈ 0.7 ಅಡಗಿದೆ.

ಸರಿಪಡಿಸಿ ನೋಡಿದರೆ ಮೊದಲ ವರ್ಷದ ಕೊರತೆ 1.7 ಲಕ್ಷ, ಅಂದರೆ ಶೇ 0.53. ಎರಡನೆಯ ವರ್ಷದ್ದು 2.1 ಲಕ್ಷ, ಅಂದರೆ ಶೇ 0.57. ಇಳಿಕೆ ಆಗಿಯೇ ಇಲ್ಲ.

ಇಂಥ ಸಂದರ್ಭದಲ್ಲಿ ಎರಡು ವರ್ಷಗಳನ್ನು ಕೂಡಿಸಿ ಬರೆಯುವುದು ಲೇಸು. 2.4 ಮತ್ತು 1.4 ಕೂಡಿದರೂ 3.8 ಲಕ್ಷ, 1.7 ಮತ್ತು 2.1 ಕೂಡಿದರೂ 3.8 ಲಕ್ಷ, 688 ಲಕ್ಷದ ಮಾರಾಟಕ್ಕೆ ಶೇ 0.55. ಚೀಟಿ ಈ ವರ್ಷ ಏರಿತೋ ಮುಂದಿನ ವರ್ಷವೋ ಎಂಬುದು ಕೂಡಿಸಿದ ಅಂಕಿಯನ್ನು ಅಲುಗಿಸುವುದಿಲ್ಲ. ಮಾರಾಟ ಏರುತ್ತಿದ್ದಾಗಲೂ ಶ್ರಿಂಕೇಜ್ ಶೇ 0.55ರ ಆಸುಪಾಸಿನಲ್ಲೇ ನಿಂತಿತು ಎಂಬುದು ಬರೆಯಲು ಯೋಗ್ಯವಾದ ಮಾತೇ.

ಒಂದೇ ವರ್ಷದಲ್ಲಿ ಶ್ರಿಂಕೇಜ್ ಅರ್ಧಕ್ಕಿಳಿದಿದ್ದರೆ, ಅಥವಾ ಎಣಿಕೆಯಲ್ಲಿ ಮಾಲು ಹೆಚ್ಚಾಗಿ ಸಿಕ್ಕಿದ್ದರೆ, ಮೊದಲು ಇಂಥ ಚೀಟಿಯನ್ನು ಹುಡುಕಿ. ಮಾಲು ಹೆಚ್ಚಾಗಿ ಸಿಗುವುದು ಸಾಧನೆಯಲ್ಲ, ದಾಖಲೆ ತಪ್ಪಿದ್ದರ ಗುರುತು.

## ಹಂತ 5: ಸ್ಟಾಕ್ ನಿಯಂತ್ರಣಕ್ಕೆ ಒಂದೇ ಅಂಕಿ

ಸ್ಟಾಕ್ ಎಷ್ಟು ದಿನದ ಮಾರಾಟಕ್ಕೆ ಸಾಕಾಗುತ್ತದೆ ಎಂಬ ಅಂಕಿ ಸಾಕು. ಸ್ಟಾಕಿನ ಖರೀದಿ ಬೆಲೆಯನ್ನು ದಿನವೊಂದಕ್ಕೆ ಮಾರಾಟವಾಗುವ ಮಾಲಿನ ಖರೀದಿ ಬೆಲೆಯಿಂದ ಭಾಗಿಸಿದರೆ ಅದು ಬರುತ್ತದೆ. ನಮ್ಮ ಮಳಿಗೆಯಲ್ಲಿ ಮಾರ್ಚ್ 31ರ ಸ್ಟಾಕ್ ತೆಗೆದುಕೊಂಡರೆ 108 ದಿನದಿಂದ 92 ದಿನಕ್ಕೆ ಇಳಿದಂತೆ ಕಾಣುತ್ತದೆ. ಆದರೆ ಇಲ್ಲೂ ಯುಗಾದಿ ಕಾಲಿಟ್ಟಿದೆ: 2024ರ ಮಾರ್ಚ್ 31ರಂದು ಹಬ್ಬದ ಮಾಲು ತುಂಬಿಕೊಂಡಿತ್ತು, 2025ರ ಅದೇ ದಿನ ಹಬ್ಬ ಮುಗಿದು ರ‍್ಯಾಕುಗಳು ಖಾಲಿಯಾಗಿದ್ದವು. ಹನ್ನೆರಡು ತಿಂಗಳ ಕೊನೆಯ ಸ್ಟಾಕ್‌ಗಳ ಸರಾಸರಿ ಹಿಡಿದಾಗ ಬಂದದ್ದು 105ರಿಂದ 100. ಬರೆಯಬೇಕಾದದ್ದು ಈ ಎರಡನೆಯ ಜೋಡಿ.

## ಹಂತ 6: ಸಿಬ್ಬಂದಿಯ ಸಾಲು

"ದೊಡ್ಡ ತಂಡವನ್ನು ಮುನ್ನಡೆಸಿದೆ" ಎಂಬುದು ಏನನ್ನೂ ಹೇಳುವುದಿಲ್ಲ. ನಿಮ್ಮ ಹಾಜರಿ ಪುಸ್ತಕದಲ್ಲಿ ಇದ್ದವರನ್ನು ಮಾತ್ರ ಎಣಿಸಿ: ಉದಾಹರಣೆಗೆ ಮಾರಾಟದವರು ಎಂಟು, ಕ್ಯಾಷಿಯರ್ ಇಬ್ಬರು, ಸ್ಟಾಕ್ ನೋಡಿಕೊಳ್ಳುವವರು ಒಬ್ಬರು, ಒಟ್ಟು 11. ಏಜೆನ್ಸಿಯ ಸೆಕ್ಯೂರಿಟಿ ಮತ್ತು ಶುಚಿತ್ವದವರನ್ನು, ಬ್ರ್ಯಾಂಡ್‌ಗಳು ಕಳುಹಿಸಿದ ಪ್ರಮೋಟರ್‌ಗಳನ್ನು ಬೇರೆಯಾಗಿ ಹೇಳಬೇಕು, ಎಲ್ಲರನ್ನೂ ಸೇರಿಸಿ 18 ಎಂದು ಬರೆದರೆ "ಇವರಲ್ಲಿ ಎಷ್ಟು ಜನರಿಗೆ ನೀವೇ ರಜೆ ಮಂಜೂರು ಮಾಡುತ್ತಿದ್ದಿರಿ?" ಎಂಬ ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ. ಬಿಟ್ಟುಹೋದವರ ಸಂಖ್ಯೆ, ಭಾನುವಾರ ಸಂಜೆಗೆ ರೋಸ್ಟರ್ ಮತ್ತು ವೀಕ್ ಆಫ್ ಬದಲಿಸಿದ್ದು, ನಿಮ್ಮ ಕೈಕೆಳಗೆ ಬಡ್ತಿ ಪಡೆದವರು, ಇವುಗಳಲ್ಲಿ ಒಂದೆರಡು ಇದ್ದರೆ ಸಾಕು.

## ಹಂತ 7: ಈಗ ಬರೆಯಿರಿ

ರೆಸ್ಯೂಮ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಹೋಗುತ್ತದೆ. ಮೊದಲು ಕನ್ನಡದಲ್ಲಿ ಬರೆದು ಅಂಕಿ ಸರಿಯಿದೆಯೆಂದು ಖಚಿತವಾದ ಮೇಲೆ ಅನುವಾದಿಸಿದರೆ, ತೂಕವಿಲ್ಲದ ಇಂಗ್ಲಿಷ್ ಪದಗಳು ಒಳನುಸುಳುವುದು ಕಡಿಮೆಯಾಗುತ್ತದೆ.

ಪ್ರತಿ ಕೆಲಸದ ಕೆಳಗೆ ಮೊದಲ ಸಾಲು ಮಳಿಗೆಯ ಅಳತೆ ಹೇಳಲಿ: "ತುಮಕೂರು, ಉಡುಪು ಮಳಿಗೆ, 3,500 ಚದರಡಿ, 11 ಸಿಬ್ಬಂದಿ, ಏರಿಯಾ ಮ್ಯಾನೇಜರ್‌ಗೆ ವರದಿ." ಇದಿಲ್ಲದೆ ಮುಂದಿನ ಯಾವ ಅಂಕಿಗೂ ಗಾತ್ರ ಸಿಗುವುದಿಲ್ಲ. ಅದರ ಕೆಳಗೆ ನಮ್ಮ ಮ್ಯಾನೇಜರ್‌ನ ಸಾಲುಗಳು ಕೊನೆಗೆ ಹೀಗಾದವು:

"ಎರಡು ಟ್ರಯಲ್ ರೂಮ್‌ಗಳನ್ನು ಮತ್ತೆ ಬಳಕೆಗೆ ತಂದು ಭಾನುವಾರದ ರೋಸ್ಟರ್ ಬದಲಿಸಿದ್ದರಿಂದ ಕನ್ವರ್ಷನ್ ಶೇ 27ರಿಂದ 29ಕ್ಕೆ ಏರಿತು, ಫುಟ್‌ಫಾಲ್ ಶೇ 2 ಮಾತ್ರ ಏರಿದ್ದ ಅವಧಿಯಲ್ಲಿ ಮಾರಾಟ ಶೇ 10 ಬೆಳೆಯಿತು (ಮೇ–ಫೆಬ್ರುವರಿ, 2023-24ಕ್ಕೆ ಹೋಲಿಸಿ 2024-25, ಯುಗಾದಿ ಮತ್ತು ರಂಜಾನ್ ತಿಂಗಳುಗಳನ್ನು ಬಿಟ್ಟು)."

"ಮಾಲನ್ನು ವಾರಕ್ಕೆ ಎರಡು ಕಂತುಗಳಲ್ಲಿ ತರಿಸಿ ಸರಾಸರಿ ಸ್ಟಾಕನ್ನು 105 ದಿನದಿಂದ 100 ದಿನಕ್ಕೆ ಇಳಿಸಿದೆ."

"ಎರಡು ವರ್ಷಗಳ ಒಟ್ಟು ಶ್ರಿಂಕೇಜ್ ಮಾರಾಟದ ಶೇ 0.55, ಎಣಿಕೆಗೆ ಮುನ್ನ ಬಾಕಿ ಟ್ರಾನ್ಸ್‌ಫರ್ ಚೀಟಿಗಳನ್ನು ಮುಗಿಸುವ ಪದ್ಧತಿ ಜಾರಿಗೆ ತಂದೆ."

ಕೊನೆಯ ಸಾಲಿನ ಎರಡನೆಯ ಭಾಗವನ್ನು, ಆ ಪದ್ಧತಿಯನ್ನು ನೀವು ನಿಜವಾಗಿ ತಂದಿದ್ದರೆ ಮಾತ್ರ ಬರೆಯಿರಿ.

ವಿನ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡು ಪುಟ ಮೀರಬಾರದು. ಎರಡು ಕಾಲಂ, ಬಣ್ಣದ ಪಟ್ಟಿ, ಕೌಶಲ್ಯಕ್ಕೆ ನಕ್ಷತ್ರ ಕೊಡುವ ಚಿತ್ರ, ಇವೆಲ್ಲ ಕಂಪ್ಯೂಟರ್ ಓದುವಾಗ ಚದುರಿಹೋಗಬಹುದು. ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ, ಆಧಾರ್ ಸಂಖ್ಯೆ ಬೇಡ. ನೋಟಿಸ್ ಪೀರಿಯಡ್ ಎಷ್ಟು ದಿನವೆಂಬುದು ಮಾತ್ರ ಖಂಡಿತ ಇರಲಿ.

## ಹಂತ 8: ಕಳುಹಿಸುವ ಹಿಂದಿನ ರಾತ್ರಿಯ ಪರೀಕ್ಷೆ

ಬೇರೆ ಮಳಿಗೆಯಲ್ಲಿ ಕೆಲಸ ಮಾಡುವ ಸ್ನೇಹಿತರೊಬ್ಬರ ಕೈಗೆ ರೆಸ್ಯೂಮ್ ಕೊಟ್ಟು, ಪ್ರತಿ ಅಂಕಿಗೂ ಮೂರು ಪ್ರಶ್ನೆ ಕೇಳಲು ಹೇಳಿ: ಯಾವ ಅವಧಿ, ಯಾವುದರಿಂದ ಭಾಗಿಸಿದ್ದು, ನೀವು ಇರದಿದ್ದರೂ ಇದು ಆಗುತ್ತಿತ್ತೇ? ನಮ್ಮ ಮ್ಯಾನೇಜರನ್ನು ನಾನು ಹೀಗೆ ಕೇಳಿದಾಗ, ಮೂರನೆಯ ಪ್ರಶ್ನೆಗೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಆ ಕಾರ್ಟನ್‌ಗಳು ನಾನು ಬರುವ ಮುಂಚೆ ಎರಡು ವರ್ಷ ಅಲ್ಲೇ ಇದ್ದವು" ಎಂದ. ಇದನ್ನೇ ಸಂದರ್ಶನದಲ್ಲಿ ಹೇಳು ಎಂದೆ. ಯಾವ ಅಂಕಿಗೆ ಇಂಥ ಒಂದು ಉತ್ತರವೂ ಹೊರಡುವುದಿಲ್ಲವೋ, ಆ ಸಾಲನ್ನು ಅಂದೇ ರಾತ್ರಿ ಅಳಿಸಿ ಪಿಡಿಎಫ್ ಮತ್ತೆ ತಯಾರಿಸಿ.